ಖರಕ್ ಸಿಂಗ್ ಭಿನ್ನಮತ: ಮೂರನೇ ಡ್ರಾಫ್ಟ್‌ಗೆ ಗಂಟು ಬಿಚ್ಚಿತು

ಎರಡು ವಾರ ಒದ್ದಾಡಿದೆ. 1962ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಖರಕ್ ಸಿಂಗ್ ಕೇಸಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಬರೆದ ಭಿನ್ನಮತವನ್ನು ಒಂದು ಪುಟಕ್ಕೆ ಇಳಿಸಬೇಕಿತ್ತು, ಅಷ್ಟೇ. ಕಥೆ ಇಷ್ಟು: ಡಕಾಯಿತಿ ಕೇಸಲ್ಲಿ ಸಾಕ್ಷ್ಯ ಸಿಗದೆ ಖರಕ್ ಸಿಂಗ್‌ನನ್ನು ಬಿಟ್ಟರು, ಆದರೂ ಉತ್ತರ ಪ್ರದೇಶದ ಪೊಲೀಸರು ಅವನ ಮೇಲೆ ಕಣ್ಣಿಡಲು ಹಿಸ್ಟರಿ ಶೀಟ್ ತೆರೆದು, ಪೊಲೀಸ್ ನಿಯಮಾವಳಿಯ 236ನೇ ನಿಯಮ ತೋರಿಸಿ ಮನೆ ಕಾದರು, ಚಲನವಲನ ಬರೆದಿಟ್ಟರು, ರಾತ್ರಿ ಬಾಗಿಲು ಬಡಿದರು.

ಮೊದಲ ಡ್ರಾಫ್ಟಲ್ಲಿ "ಬಹುಮತ ಕಣ್ಗಾವಲು ಸರಿ ಎಂದಿತು, ಸುಬ್ಬರಾವ್ ತಪ್ಪು ಎಂದರು" ಅಂತ ಬರೆದೆ. ಸುಳ್ಳು! ರಾತ್ರಿ ಭೇಟಿಯನ್ನು ಆರೂ ನ್ಯಾಯಮೂರ್ತಿಗಳು ರದ್ದು ಮಾಡಿದ್ದಾರೆ. ಈ ನಿಯಮಕ್ಕೆ ಕಾನೂನಿನ ಬಲವಿಲ್ಲ, ಬರೀ ಇಲಾಖೆಯ ಸೂಚನೆ ಎಂಬುದರಲ್ಲೂ ಜಗಳವಿಲ್ಲ. ಹಾಗಾದರೆ ದಾರಿ ಕವಲೊಡೆಯುವುದು ಎಲ್ಲಿ? ಅದು ಸಿಗಬೇಕಾದ ಪುಟವನ್ನೇ ಜೆರಾಕ್ಸ್ ಅಂಗಡಿಯವನು ಎರಡು ಸಲ ತೆಗೆದು, ಮುಂದಿನದನ್ನು ಬಿಟ್ಟಿದ್ದ. ದುಡ್ಡು ಮಾತ್ರ ಎರಡಕ್ಕೂ.

ಕವಲು ಇಲ್ಲಿದೆ. ಕಾನೂನೇ ಇಲ್ಲದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಹಕ್ಕಿಗೆ ಪೆಟ್ಟು ಬಿತ್ತೋ ಇಲ್ಲವೋ? ಅಯ್ಯಂಗಾರ್ ಬರೆದ ಬಹುಮತದ ಪ್ರಕಾರ (ನಾಲ್ವರು), ಓಡಾಟದ ಹಕ್ಕು ಅಂದರೆ ಕಾಲಿಗೆ ತಡೆ ಇಲ್ಲದಿರುವುದು. ಹಿಂದೆ ಯಾರೋ ನೋಡುತ್ತಿದ್ದರೆ ಮುಜುಗರ ಆಗಬಹುದು, ತಡೆ ಅಲ್ಲ. ಖಾಸಗಿತನ ಸಂವಿಧಾನ ಕೊಟ್ಟ ಹಕ್ಕೇ ಅಲ್ಲ ಅಂತಲೂ ಹೇಳಿತು. ತಮಾಷೆ ನೋಡಿ, ಅದೇ ಬಹುಮತ ಮನೆ ಅಂದರೆ ಕೋಟೆ ಎನ್ನುತ್ತಾ ರಾತ್ರಿ ಭೇಟಿ ಹೊಡೆದು ಹಾಕಿತ್ತು. ಅದು ಖಾಸಗಿತನ ಅಲ್ಲದೆ ಇನ್ನೇನು?

ಷಾ ಜೊತೆ ಸೇರಿ ಸುಬ್ಬರಾವ್ ಇಡೀ 236ನ್ನೇ ಹೊಡೆದರು. ಮನುಷ್ಯ ಸುಮ್ನೆ ನಡೆಯಲು ನಡೆಯುವುದಿಲ್ಲ, ಯಾರನ್ನೋ ನೋಡಲು, ಏನೋ ಮಾಡಲು ಹೋಗುತ್ತಾನೆ. ಪೊಲೀಸ್ ಕಣ್ಣು ಬೆನ್ನಿಗಿದ್ದರೆ ಅವನಿಗೆ ಇಡೀ ದೇಶವೇ ಜೈಲು. ಓಡಾಟದಂಥ ಸ್ವಾತಂತ್ರ್ಯ ಕೊಡುವ 19ನೇ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ 21ನೇ ವಿಧಿ ಬೇರೆ ಬೇರೆ ಡಬ್ಬಿಗಳಲ್ಲ, ಒಂದರ ಮೇಲೊಂದು ಹಾಯುತ್ತವೆ, ಸರ್ಕಾರ ಎರಡೂ ಪರೀಕ್ಷೆ ಪಾಸಾಗಬೇಕು ಎಂದರು.

ಮುಂದೆ ಕೋರ್ಟಿಗೆ ಹೋಗುವವರಿಗೆ ಸಿಗುವ ಆಯುಧ ಇದೇ. ಕೈಕೋಳ ತೋರಿಸಬೇಕಿಲ್ಲ, ಭಯದಿಂದ ಏನು ನಿಂತುಹೋಯಿತು ಅಂತ ತೋರಿಸಿದರೆ ವಾದ ಶುರುವಾಗುತ್ತದೆ. 1978ರ ಮೇನಕಾ ಕೇಸಲ್ಲಿ ಡಬ್ಬಿ ಒಡೆಯಿತು, 2017ರ ಪುಟ್ಟಸ್ವಾಮಿ ಕೇಸಲ್ಲಿ ಖಾಸಗಿತನ ಗೆದ್ದಿತು. ಆದರೆ ಜಾಸ್ತಿ ಕುಣಿಯಬೇಡಿ. 1975ರ ಗೋವಿಂದ್ ಕೇಸಲ್ಲಿ ಮಧ್ಯಪ್ರದೇಶದ ಇಂಥದೇ ನಿಯಮಕ್ಕೆ ಪೊಲೀಸ್ ಕಾಯ್ದೆಯ ಬೆಂಬಲವಿತ್ತು, ಹಾಗಾಗಿ ಉಳಿದುಕೊಂಡಿತು. ಸುಬ್ಬರಾವ್ ಎದುರಿಗಿದ್ದದ್ದು ಕಾನೂನಿಲ್ಲದ ಕಣ್ಗಾವಲು. ಕಾನೂನು ಇದ್ದರೆ ಅದು ನ್ಯಾಯವಾದ ಮಿತಿಯಲ್ಲಿದೆಯೇ ಎಂಬ ಜಗಳವನ್ನು ನೀವೇ ಕಟ್ಟಬೇಕು. ಇದನ್ನು ಪುಟದ ಕೆಳಗೆ ಕೆಂಪಲ್ಲಿ ಬರೆದಿದ್ದೇನೆ.

ಅಂದಹಾಗೆ ಡಬ್ಬಿ ವಾದ ಶುರುವಾದದ್ದು 1950ರ ಗೋಪಾಲನ್ ಕೇಸಲ್ಲಿ. ಅಲ್ಲೂ ನ್ಯಾಯಮೂರ್ತಿ ಫಜಲ್ ಅಲಿ ಒಬ್ಬರು ತಕರಾರು ತೆಗೆದಿದ್ದರು. ಮುಂದಿನ ಪುಟ ಅದೇ, ಜೆರಾಕ್ಸ್ ಮಾತ್ರ ಬೇರೆ ಅಂಗಡಿಯಲ್ಲಿ.