ಸ್ಪೈಕ್ಸಾ, ರಬ್ಬರಾ?

"ಅಣ್ಣಾ, ಈ ಸಲ ಕ್ರಿಕೆಟ್ ಕ್ಲಬ್ ಸೇರ್ಕೊಂಡಿದ್ದೀನಿ. ಬೌಲಿಂಗ್ ಮಾಡೋನು. ತಳಕ್ಕೆ ಮೊಳೆ ಇರೋ ಸ್ಪೈಕ್ಸ್ ಶೂ ತಗೊಳ್ಲಾ, ರಬ್ಬರ್ ಸೋಲ್ ಸಾಕಾ?"

ಒಂದೇ ಜೊತೆಗೆ ದುಡ್ಡಿದ್ದರೆ ರಬ್ಬರ್ ತಗೊಳ್ಳಿ. ಬೌಲರ್‌ಗಳಿಗೂ ಇದನ್ನೇ ಹೇಳುತ್ತೇನೆ. ಬೆಂಗಳೂರಿನ ಕ್ಲಬ್ ಹುಡುಗರು ವಾರದಲ್ಲಿ ಮೂರ್ನಾಲ್ಕು ದಿನ ನೆಟ್ಸ್‌ನಲ್ಲಿ ಬೌಲ್ ಮಾಡುವುದು ಸಿಮೆಂಟಿನ ಮೇಲೆ, ಇಲ್ಲವೇ ಅದರ ಮೇಲೆ ಹಾಸಿದ ಮ್ಯಾಟ್ ಮೇಲೆ. ಟರ್ಫ್, ಅಂದರೆ ಮಣ್ಣು-ಹುಲ್ಲಿನ ಪಿಚ್, ಸಿಗುವುದು ಭಾನುವಾರಕ್ಕೆ, ಅದೂ ಎಲ್ಲಾ ಭಾನುವಾರ ಅಲ್ಲ.

ಸ್ಪೈಕ್ಸ್ ಕೆಲಸ ಮಾಡುವುದು ಮೊಳೆ ನೆಲಕ್ಕೆ ಇಳಿದಾಗ ಮಾತ್ರ. ಸಿಮೆಂಟಿಗೆ ಅದು ಇಳಿಯಲ್ಲ. ಆಗ ನಿಮ್ಮ ಇಡೀ ಭಾರ ಆ ಲೋಹದ ತುದಿಗಳ ಮೇಲೇ ನಿಲ್ಲುತ್ತದೆ, ಶೂ ಗ್ರಾನೈಟ್ ಮೇಲೆ ಜಾರಿದ ಹಾಗೆ ಜಾರುತ್ತದೆ, ಒಂದೊಂದು ಮೊಳೆಯೂ ಒಳಗಿಂದ ಪಾದಕ್ಕೆ ಒತ್ತುತ್ತದೆ. ವೇಗದ ಬೌಲರ್‌ನ ಮುಂದಿನ ಕಾಲಿಗೆ ಪ್ರತಿ ಎಸೆತದಲ್ಲೂ ಮೈತೂಕದ ಐದಾರು ಪಟ್ಟು ಭಾರ ಬೀಳುತ್ತದೆ. ಅಷ್ಟು ಭಾರ ಮೊಳೆ ತುದಿಯ ಮೇಲೆ ಅಂದರೆ ಹಿಮ್ಮಡಿ ನೋವು ಬರದೆ ಇರುತ್ತಾ?

ನಾರಿನ ಮ್ಯಾಟ್‌ನಲ್ಲಿ ತೊಂದರೆ ಉಲ್ಟಾ. ಮೊಳೆ ನಾರಿಗೆ ಸಿಕ್ಕಿಕೊಂಡು ಬಿಡುವುದೇ ಇಲ್ಲ. ಪಾದ ಅಲ್ಲೇ ನಿಂತು ಮೈ ತಿರುಗಿದರೆ ಆ ತಿರುಚು ಹೋಗುವುದು ಕಣಕಾಲಿಗೆ, ಮಂಡಿಗೆ. ಜೊತೆಗೆ ಮ್ಯಾಟ್ ಕೂಡ ಹರಿಯುತ್ತದೆ. ಮ್ಯಾಟ್ ಮೇಲೆ ಸ್ಪೈಕ್ಸ್ ಹಾಕಿಕೊಂಡು ಹೋದರೆ ಬೈಸಿಕೊಳ್ಳುವುದು ಇದಕ್ಕೇ.

ಮ್ಯಾಟಿಂಗ್ ಮ್ಯಾಚ್‌ನಲ್ಲಿ ಬೌಲರ್‌ಗಳು ಮರೆಯುವ ಒಂದು ವಿಷಯ ಇದೆ. ಓಡಿ ಬರುವುದು ಮಣ್ಣಿನ ಮೇಲೆ, ಮುಂದಿನ ಕಾಲು ಬೀಳುವುದು ಮ್ಯಾಟ್ ಮೇಲೆ. ಕೆಲವು ಕಡೆ ಹಿಂದಿನ ಕಾಲು ಸರಿಯಾಗಿ ಮ್ಯಾಟ್‌ನ ಅಂಚಿಗೇ ಬರುತ್ತದೆ. ಅಲ್ಲಿ ಕೆಂಪು ಮಣ್ಣಿನ ಪುಡಿ ಸೇರಿಕೊಂಡಿರುತ್ತದೆ, ಮ್ಯಾಟ್ ಬಿಗಿದ ಮೊಳೆಯೂ ಇರಬಹುದು. ಅದಕ್ಕೇ ಓವರ್ ಶುರು ಮಾಡುವ ಮೊದಲು ಅಂಚನ್ನು ಕಾಲಿನಿಂದ ಒಮ್ಮೆ ಒರೆಸಿ, ಮೊಳೆ ಎದ್ದಿದೆಯಾ ಅಂತ ನೋಡಿ. ಶೂ ತಳದ ರಬ್ಬರ್ ಗುಬ್ಬಿಗಳ ಮಧ್ಯೆ ಮಣ್ಣು ತುಂಬಿದ್ದರೆ ಬ್ಯಾಟಿನ ಹಿಡಿಯಿಂದ ತಟ್ಟಿ ಉದುರಿಸಿ.

ಹಾಗಂತ ಟರ್ಫ್‌ನಲ್ಲೂ ರಬ್ಬರ್ ನಡೆಯುತ್ತೆ ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೆ. ನವೆಂಬರ್ ಬೆಳಿಗ್ಗೆ, ಹುಲ್ಲಿನ ಮೇಲೆ ಇಬ್ಬನಿ, ಕೈಗೆ ಹೊಸ ಚೆಂಡು. ಮೂರನೇ ಎಸೆತಕ್ಕೆ ಮುಂದಿನ ಕಾಲು ಜಾರಿ ಕ್ರೀಸಿನ ಆಚೆ ಹೋಗಿ ನಿಂತಿತು. ಆಮೇಲೆ ಹೆದರಿ ಕಾಲನ್ನು ಮೆಲ್ಲಗೆ ಊರತೊಡಗಿದೆ, ವೇಗವೆಲ್ಲ ಹೋಯಿತು. ನಾಲ್ಕು ಓವರ್ ಹಾಕುವಷ್ಟರಲ್ಲಿ ತೊಡೆಸಂದು ಹಿಡಿದುಕೊಂಡಿತು. ಜಾರದೆ ಇರಲು ಮೈ ಬಿಗಿ ಹಿಡಿದು ಬೌಲ್ ಮಾಡಿದರೆ ಆಗುವುದೇ ಹಾಗೆ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಟಾಸ್‌ಗೆ ಮುಂಚೆ ಬೈಕಿನ ಕೀ ತಗೊಂಡು, ಕ್ರೀಸಿನ ಹತ್ತಿರ ಕಾಲು ಬೀಳುವ ಜಾಗದ ಪಕ್ಕದಲ್ಲಿ, ಆಡುವ ಪಟ್ಟಿಯ ಹೊರಗೆ ಒತ್ತಿ ನೋಡುತ್ತೇನೆ. ತುದಿ ಸುಲಭವಾಗಿ ಇಳಿದರೆ ಸ್ಪೈಕ್ಸ್. ಬಿಸಿಲಿಗೆ ಒಣಗಿ ಕಲ್ಲಾಗಿದ್ದರೆ ಬ್ಯಾಟಿಂಗ್‌ಗೆ ರಬ್ಬರ್ ಸಾಕು, ಬೌಲಿಂಗ್‌ಗೆ ಮಾತ್ರ ಆಗಲೂ ಸ್ಪೈಕ್ಸೇ ವಾಸಿ, ಯಾಕೆಂದರೆ ರನ್‌ಅಪ್ ಹುಲ್ಲಿನ ಮೇಲೆ. ಬರೀ ಬ್ಯಾಟ್ಸ್‌ಮನ್ ಆದರೆ ಮುಂದೆ ಮೊಳೆ, ಹಿಮ್ಮಡಿಗೆ ರಬ್ಬರ್ ಇರುವ ಹಾಫ್ ಸ್ಪೈಕ್ಸ್ ಆರಾಮ.

ಎರಡನೇ ಜೊತೆ ಕೊಳ್ಳುವಾಗ ಮೊಳೆ ಬಿಚ್ಚಿ ಅದೇ ತೂತಿಗೆ ರಬ್ಬರ್ ಸ್ಟಡ್ ಹಾಕಬಹುದಾದ ಶೂ ನೋಡಿ. ಇದನ್ನೇ ಮೊದಲೇ ತಗೊಂಡರೆ ಒಂದೇ ಜೊತೆಯಲ್ಲಿ ಮುಗಿಯುತ್ತಲ್ವಾ ಅಂತ ಕೇಳುತ್ತಾರೆ. ಮುಗಿಯಲ್ಲ. ಸಿಮೆಂಟಿನ ಮೇಲೆ ದಿನಾ ಬಡಿದರೆ ಆ ಸ್ಟಡ್‌ಗಳು ಬೇಗ ಸವೆಯುತ್ತವೆ, ತಳವೂ ಗಟ್ಟಿ ಪ್ಲಾಸ್ಟಿಕ್ಕಿನದು. ಆಡಿ ಬಂದ ದಿನವೇ ಮೊಳೆ ಬಿಚ್ಚಿ, ತೂತಿನ ಮಣ್ಣನ್ನು ಗುಂಡುಸೂಜಿಯಿಂದ ತೆಗೆದು, ಚೂರು ವ್ಯಾಸಲೀನ್ ಸವರಿಡಿ. ತಿರುಗಿ ಹಾಕುವಾಗ ಮೊದಲು ಬೆರಳಲ್ಲೇ ತಿರುಗಿಸಿ, ಕೊನೆಗೆ ಮಾತ್ರ ಸ್ಪೈಕ್ ಕೀ. ಓರೆಯಾಗಿ ಕೂತ ಮೊಳೆಯನ್ನು ಕೀ ಹಾಕಿ ಒತ್ತಿ ತಿರುಗಿಸಿದರೆ ತೂತಿನ ಥ್ರೆಡ್ ಹೋಗುತ್ತದೆ, ಆಮೇಲೆ ಆ ಜಾಗದಲ್ಲಿ ಯಾವ ಮೊಳೆಯೂ ನಿಲ್ಲಲ್ಲ.

ಅಳತೆ ನೋಡುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ, ಆಡುವಾಗ ಹಾಕುವ ದಪ್ಪ ಸಾಕ್ಸ್ ಹಾಕಿಕೊಂಡು. ಬಲಗೈ ಬೌಲರ್ ಆದರೆ ಬಲಗಾಲಿನ ಶೂ ಮೂತಿ ನೆಲಕ್ಕೆ ಎಳೆದು ಎಳೆದು ಮೊದಲು ಸವೆಯುತ್ತದೆ. ಶೂ ಹೊಸದಿರುವಾಗಲೇ ರಸ್ತೆ ಪಕ್ಕ ಚಪ್ಪಲಿ ಹೊಲಿಯುವವರ ಹತ್ತಿರ ಅಲ್ಲಿಗೆ ಒಂದು ತುಂಡು ರಬ್ಬರ್ ಅಂಟಿಸಿ ಹೊಲಿಸಿಬಿಡಿ. ತೂತು ಬಿದ್ದ ಮೇಲೆ ತಗೊಂಡು ಹೋದರೆ ಅವರೂ ತಲೆ ಆಡಿಸುತ್ತಾರೆ.