ಹೇಮಾವತಿ ಹಿನ್ನೀರಲ್ಲಿ 750 ಮೀಟರ್: ಮೊದಲ ಟ್ರಯಥ್ಲಾನ್ ತಯಾರಿ, ಈಜಿನ ಲಾಗ್

ಸೈಕಲ್ಲು ಓಟದ ಬಗ್ಗೆ ಈ ಸಲ ಏನೂ ಬರೆಯಲ್ಲ, ಅವೆರಡೂ ಅವುಗಳ ಪಾಡಿಗೆ ನಡೀತಾ ಇದೆ. ತಲೆನೋವಿರೋದು ಈಜಲ್ಲಿ. ಹೆಸರು ಕೊಟ್ಟಿರೋದು ಸ್ಪ್ರಿಂಟ್‌ಗೆ, ಅಂದ್ರೆ 750 ಮೀಟರ್ ಈಜು, 20 ಕಿಮೀ ಸೈಕಲ್, 5 ಕಿಮೀ ಓಟ. ಹಾಸನದ ಪೂಲಲ್ಲಿ 750 ನಿಲ್ಲದೆ ಹೊಡೀತೀನಿ, ಅದೇನ್ ದೊಡ್ಡದಲ್ಲ, ಆದ್ರೆ ಪೂಲಲ್ಲಿ 25 ಮೀಟರ್‌ಗೊಂದು ಗೋಡೆ ಸಿಗುತ್ತೆ, ಕೆಳಗೆ ಕಪ್ಪು ಗೆರೆ ಕಾಣ್ತಿರುತ್ತೆ, ಗೋಡೆ ಒದ್ದಾಗೆಲ್ಲಾ ಒಂದ್ ಚೂರು ರೆಸ್ಟು ಸಿಗುತ್ತೆ, ನಮಗೇ ಗೊತ್ತಾಗಲ್ಲ ಅಷ್ಟೇ. ಕೆರೆ, ಹಿನ್ನೀರಲ್ಲಿ ಇದ್ಯಾವುದೂ ಇಲ್ಲ.

ಜಾಗ

ಗೊರೂರು ಡ್ಯಾಮಿನ ಹಿನ್ನೀರು, ಶೆಟ್ಟಿಹಳ್ಳಿ ಚರ್ಚ್ ದೂರಕ್ಕೆ ಕಾಣೋ ಒಂದು ಕಡೆ. ಡ್ಯಾಮಿನ ಗೇಟ್ ಹತ್ರ ಅಂತೂ ಸುಳೀಲೇಬಾರದು. ಚರ್ಚ್ ಹತ್ರಕ್ಕೂ ಹೋಗಲ್ಲ, ನೀರಡಿ ಹಳೇ ಗೋಡೆ ಎಲ್ಲೆಲ್ಲಿ ಇದೆಯೋ ಕಾಣಲ್ಲ. ಮರದ ಬುಡ, ಮೀನಿನ ಬಲೆ ಇವೆರಡೇ ಇಲ್ಲಿ ನಿಜವಾದ ಅಪಾಯ, ಅದಕ್ಕೆ ಅಲ್ಲೇ ಮೀನು ಹಿಡಿಯೋ ಅಣ್ಣನ್ನ ಮಾತಾಡಿಸ್ಕೊಂಡ್ವಿ, ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ಅವರೇ ತೋರಿಸ್ತಾರೆ, ಅವರ ತೆಪ್ಪ ನಮ್ ಪಕ್ಕದಲ್ಲೇ ಬರುತ್ತೆ. ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿ ಚೀಲ ಕಟ್ಕೊಳ್ತೀವಿ, ಅದು ದೂರಕ್ಕೆ ಕಾಣುತ್ತೆ, ಸುಸ್ತಾದ್ರೆ ಹಿಡ್ಕೊಂಡು ತೇಲಬಹುದು. ಇಷ್ಟಿಲ್ಲದೆ ಯಾರೂ ಇಳೀಬೇಡಿ, ಒಬ್ಬೊಬ್ಬರಂತೂ ಬೇಡವೇ ಬೇಡ.

ಜನವರಿ ಶುರು: ಚಳಿ

ಬೆಳಿಗ್ಗೆ ಆರೂವರೆ, ಥರ್ಮಾಮೀಟರ್ ನೀರಿಗಿಟ್ರೆ 21 ಡಿಗ್ರಿ. ಕೇಳೋರಿಗೆ 21 ಏನ್ ಚಳಿ ಅನ್ಸುತ್ತೆ, ಫ್ಯಾನ್ ಹಾಕಿದ ರೂಮಿನ ಲೆಕ್ಕದಲ್ಲಿ ಹೌದು, ನೀರಲ್ಲಿ ಲೆಕ್ಕ ಬೇರೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳ್ಕೊಳ್ಳುತ್ತೆ. ಇನ್ನೊಂದು ವಿಷ್ಯ, ದಡದ ಹತ್ರ ಮೊಣಕಾಲುದ್ದ ನೀರೇ ಜಾಸ್ತಿ ತಣ್ಣಗಿರುತ್ತೆ, ಆಳ ಕಮ್ಮಿ ಇರೋದ್ರಿಂದ ರಾತ್ರಿ ಎಲ್ಲಾ ಬೇಗ ಆರುತ್ತೆ, ಒಳಗೆ ಹೋದ್ರೆ ಒಂದ್ ಚೂರು ಬೆಚ್ಚಗಿರುತ್ತೆ. ಅಂದ್ರೆ ಕೆಟ್ಟ ಚಳಿ ತಾಗೋದು ಇಳಿಯೋ ಹೊತ್ತಲ್ಲೇ.

ತಣ್ಣೀರು ಎದೆ ಬೆನ್ನಿಗೆ ತಾಗಿದ ತಕ್ಷಣ ಹಾ ಅಂತ ಉಸಿರು ಒಳಗೆ ಎಳೆಯುತ್ತಲ್ಲ, ಅದು ನಾವು ಬೇಕು ಅಂತ ಮಾಡೋದಲ್ಲ. ಚರ್ಮ ತಣ್ಣಗಾಗಿದ್ದಕ್ಕೆ ದೇಹ ತಾನೇ ಮಾಡೋದು, ಆಮೇಲೆ ಒಂದೆರಡು ನಿಮಿಷ ಉಸಿರು ಮೇಲೆ ಮೇಲೆ ಬರುತ್ತೆ, ಎದೆಬಡಿತ ಏರುತ್ತೆ. ಕೋಲ್ಡ್ ಶಾಕ್ ಅಂತಾರೆ. ನೀರು 10ರಿಂದ 15 ಡಿಗ್ರಿ ಇದ್ರೆ ಅದು ಪೂರ್ತಿ ಜೋರಲ್ಲಿ ಬರುತ್ತೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೆ 25ರ ಕೆಳಗೆ ಹೋದ್ರೆ ಸಣ್ಣದಾಗಿ ಶುರು ಆಗೇ ಆಗುತ್ತೆ. ಆ ಮೊದಲ ಹಾ ಬರೋ ಹೊತ್ತಲ್ಲಿ ಮುಖ ನೀರೊಳಗಿದ್ರೆ ನೀರು ಕುಡಿದಂಗೆ.

ಒಳ್ಳೇ ಸುದ್ದಿ ಏನಂದ್ರೆ ದೇಹ ಬೇಗ ಕಲಿಯುತ್ತೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಮೈಕ್ ಟಿಪ್ಟನ್ ಅನ್ನೋರು ಇದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ, ತಣ್ಣೀರಲ್ಲಿ ಎರಡ್ಮೂರು ನಿಮಿಷದಂಗೆ ಐದಾರು ಸಲ ಇಳಿದ್ರೆ ಈ ಶಾಕ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಅದಕ್ಕೆ ಶುರುವಲ್ಲಿ ಈಜೋದೇ ಬೇಡ ಅಂತ ಬಿಟ್ವಿ. ಇಳಿಯೋದು, ಮುಖಕ್ಕೆ ಕತ್ತಿನ ಹಿಂದಕ್ಕೆ ನೀರು ಎರಚ್ಕೊಳೋದು, ಎದೆಮಟ್ಟ ನೀರಲ್ಲಿ ನಿಂತು ಉಸಿರು ಸರಿಹೋಗೋ ತನಕ ಕಾಯೋದು, ಆಮೇಲೆ ಮುಖ ಅದ್ದಿ ಗುಳ್ಳೆ ಬಿಡೋದು, ಹತ್ತಿ ಬಂದು ಟೀ ಕುಡಿಯೋದು. ದಡದಲ್ಲಿ ನಿಂತಿದ್ದೋರಿಗೆ ಇವರು ಈಜಕ್ಕೆ ಬಂದೋರಾ ಸ್ನಾನಕ್ಕೆ ಬಂದೋರಾ ಅನ್ನೋ ಅನುಮಾನ.

ವೆಟ್‌ಸೂಟ್ ಅಂದ್ರೆ ಚಳಿ ತಡೆಯೋ ರಬ್ಬರ್ ಈಜುಡುಗೆ, ಅದನ್ನ ತಗೋಬೇಕಾ ಅಂತ ತುಂಬಾ ಜನ ಕೇಳ್ತಾರೆ. ವರ್ಲ್ಡ್ ಟ್ರಯಥ್ಲಾನ್ ನಿಯಮದಲ್ಲಿ ನಮ್ಮಂಥ ಹವ್ಯಾಸಿ ಏಜ್ ಗ್ರೂಪ್‌ನೋರಿಗೆ 1500 ಮೀಟರ್ ತನಕದ ಈಜಲ್ಲಿ ನೀರು 22 ಡಿಗ್ರಿ ಮುಟ್ಟಿದ್ರೆ ವೆಟ್‌ಸೂಟ್ ಹಾಕೋ ಹಾಗಿಲ್ಲ. ನಮ್ ಕಡೆ ನೀರು ವರ್ಷದ ಬಹುಪಾಲು ಅದಕ್ಕಿಂತ ಬೆಚ್ಚಗೇ ಇರುತ್ತೆ, ದುಡ್ಡು ದಂಡ.

ಸಂಕ್ರಾಂತಿ ಆದ್ಮೇಲೆ: ಗಾಬರಿ

ಇದನ್ನೇ ಸ್ವಲ್ಪ ಉದ್ದ ಬರೀತೀನಿ. ನೀರು ಹಸಿರು ಮಿಶ್ರಿತ ಕಂದು, ಕೈ ಚಾಚಿದ್ರೆ ಮೊಣಕೈ ತನಕ ಕಾಣುತ್ತೆ, ಬೆರಳು ಕಾಣಲ್ಲ. ದಡದಿಂದ ಅರವತ್ತು ಎಪ್ಪತ್ತು ಮೀಟರ್ ಹೋಗಿರಬೇಕು, ಎದೆ ಬಿಗಿಯೋಕೆ ಶುರು ಆಯ್ತು, ಎಷ್ಟು ಎಳೆದ್ರೂ ಉಸಿರು ಸಾಲ್ತಾ ಇಲ್ಲ, ಕ್ಯಾಪು ಗಾಗಲ್ಸು ಎಲ್ಲಾ ಕಿತ್ತು ಬಿಸಾಕೋಣ ಅನ್ಸುತ್ತೆ. ಜೊತೆಗೆ ಈಜೋ ನಮ್ ಗೆಳೆಯ ಪೂಲಲ್ಲಿ ನನಗಿಂತ ಜೋರು, ಅವನಿಗೂ ಅದೇ ಜಾಗದಲ್ಲಿ ಅದೇ ಆಯ್ತು.

ಆಳ ಕಂಡ್ರೆ ಭಯ ಅಂದ್ಕೊಂಡಿದ್ವಿ, ಆದ್ರೆ ಅಲ್ಲೇ ಸುಮ್ನೆ ಅಂಗಾತ ತೇಲಿದ್ರೆ ಏನೂ ಆಗ್ತಿರಲಿಲ್ಲ, ಆಳ ಅಷ್ಟೇ ಇತ್ತಲ್ಲ. ಕುತ್ತಿಗೆ ಹಿಡೀತಿದ್ದದ್ದು ಉಸಿರು. ಕತ್ತಲೆ ನೀರಲ್ಲಿ ಮುಖ ಇಟ್ಟಾಗ ಗೊತ್ತಿಲ್ದೆ ಉಸಿರು ಹಿಡಿದಿಡ್ತೀವಿ, ಹೊರಗೆ ಬಿಡಲ್ಲ. ಪಕ್ಕಕ್ಕೆ ತಿರುಗಿದಾಗ ಸಿಗೋ ಅರೆಕ್ಷಣದಲ್ಲಿ ಹಳೇದನ್ನ ಬಿಟ್ಟು ಹೊಸದನ್ನ ಎಳೀಬೇಕು, ಎರಡೂ ಆಗಲ್ಲ, ತುಂಬಿರೋ ಎದೆ ಮೇಲೇ ಇನ್ನೊಂಚೂರು ತುಂಬ್ತೀವಿ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಗಾಳಿ ಬೇಕು ಅಂತ ಮೆದುಳು ಕೂಗೋದು ಮುಖ್ಯವಾಗಿ ಅದು ಏರಿದಾಗಲೇ, ಆಮ್ಲಜನಕ ಕಮ್ಮಿ ಆಗಿದ್ದಕ್ಕಲ್ಲ. ನಾವು ಅದಕ್ಕೆ ಇನ್ನೂ ಜೋರಾಗಿ ಕೈ ಬೀಸ್ತೀವಿ, ಇನ್ನೂ ಏರುತ್ತೆ.

ಹಾಗಾಗಿ ಮದ್ದು ಇರೋದು ಹೊರಗೆ ಬಿಡೋ ಉಸಿರಲ್ಲಿ. ನೀರೊಳಗೆ ಮುಖ ಇರೋಷ್ಟು ಹೊತ್ತೂ ಮೂಗಲ್ಲಿ ಹ್ಮ್‌ಮ್‌ಮ್ ಅಂತ ಸಣ್ಣಗೆ ಗುನುಗ್ತಾ ಇರೋದು. ಗುನುಗ್ತಾ ಉಸಿರು ಹಿಡಿಯೋಕೆ ಆಗಲ್ಲ, ನೀವೇ ಈಗ ಕೂತಲ್ಲೇ ಮಾಡಿ ನೋಡಿ. ಸದ್ದು ನಿಂತ್ರೆ ಉಸಿರು ಹಿಡಿದಿದೀನಿ ಅಂತ ತಕ್ಷಣ ಗೊತ್ತಾಗುತ್ತೆ, ಎದೆ ಬಿಗಿಯೋಕೂ ಮುಂಚೆ. ಜೊತೆಗೆ ಮೊದಲ ಇನ್ನೂರು ಮೀಟರ್ ಪ್ರತಿ ಎರಡು ಸ್ಟ್ರೋಕ್‌ಗೆ ಉಸಿರು, ಪೂಲಲ್ಲಿ ಕಲಿತ ಮೂರು ಸ್ಟ್ರೋಕ್ ಲೆಕ್ಕ ಆಮೇಲೆ.

ಆದ್ರೂ ಬಿಗಿದ್ರೆ ಈಜು ನಿಲ್ಲಿಸಿ ಅಂಗಾತ ತಿರುಗೋದು, ಕಿವಿ ನೀರಲ್ಲಿ, ಕಾಲು ಸಣ್ಣಗೆ ಆಡಿಸ್ತಾ ಬಾಯಿಂದ ಉದ್ದಕ್ಕೆ ಊದೋದು, ಒಳಗೆ ಎಳೆಯೋದರ ಬಗ್ಗೆ ತಲೆ ಕೆಡಿಸ್ಕೋಬಾರದು, ಅದು ತಾನೇ ಬರುತ್ತೆ. ಒಂದು ಇಡೀ ವಾಕ್ಯ ಜೋರಾಗಿ ಹೇಳೋಕಾದ್ರೆ ಸರಿಹೋಯ್ತು ಅಂತ ಅರ್ಥ, ನಾವು ತೆಪ್ಪದ ಅಣ್ಣಂಗೆ "ಅಣ್ಣಾ, ಇವತ್ತು ಏನ್ ಮೀನ್ ಬಿತ್ತು" ಅಂತ ಕೇಳ್ತೀವಿ. ಆಮೇಲೆ ಒಂದಷ್ಟು ಬ್ರೆಸ್ಟ್‌ಸ್ಟ್ರೋಕ್, ಆಮೇಲೆ ಫ್ರೀಸ್ಟೈಲ್. ಆದ್ರೆ ಒಂದು ನೆನಪಿರಲಿ, ತೇಲಿ ನಾಕೈದು ನಿಮಿಷ ಆದ್ರೂ ಉಸಿರು ಇಳೀಲಿಲ್ಲ, ಕೆಮ್ಮು ಬರ್ತಿದೆ, ಎದೇಲಿ ಗೊರಗೊರ ಅನ್ನುತ್ತೆ ಅಥ್ವಾ ಎದೆ ನೋವು ಅಂದ್ರೆ ಅದು ಗಾಬರಿ ಅಲ್ಲ, ಶ್ವಾಸಕೋಶದಲ್ಲಿ ನೀರು ತುಂಬ್ತಿರಬಹುದು, ಹೃದಯದ್ದೂ ಇರಬಹುದು. ತೆಪ್ಪ ಹಿಡ್ಕೊಂಡು ದಡಕ್ಕೆ, ಅಲ್ಲಿಂದ ಸೀದಾ ಡಾಕ್ಟರ್ ಹತ್ರ.

ಫೆಬ್ರವರಿ: ಸೈಟಿಂಗ್

ತಲೆ ಎತ್ತಿ ದಾರಿ ನೋಡ್ಕೊಳೋದು. ಉಸಿರಿಗೂ ಇದಕ್ಕೂ ಸಂಬಂಧ ಇದೆ, ಯಾಕಂದ್ರೆ ತಲೆ ಜಾಸ್ತಿ ಎತ್ತಿದ್ರೆ ಸೊಂಟ ಮುಳುಗುತ್ತೆ, ಕಾಲು ಜೋರಾಗಿ ಒದೀಬೇಕಾಗುತ್ತೆ, ಮತ್ತೆ ಏದುಸಿರು. ಮುಂದಕ್ಕೆ ನೋಡ್ತಾನೇ ಉಸಿರೂ ತಗೊಳೋಣ ಅಂತ ಹೊರಟ್ರೆ ಗಲ್ಲ ಪೂರ್ತಿ ಮೇಲೆ ಬರಬೇಕು, ಅದೇ ಎಡವಟ್ಟು. ಗಾಗಲ್ಸ್ ಮಾತ್ರ ನೀರಿನ ಮೇಲೆ ಬರೋ ಹಾಗೆ ಮೊಸಳೆ ಕಣ್ಣಲ್ಲಿ ಒಂದು ಸಲ ನೋಡಿ, ಅದೇ ಓಟದಲ್ಲಿ ತಲೆ ಪಕ್ಕಕ್ಕೆ ತಿರುಗಿಸಿ ಉಸಿರು ತಗೊಂಡು ಒಳಗೆ. ಒಂದೇ ನೋಟದಲ್ಲಿ ಬೋಯ್, ಅಂದ್ರೆ ದಾರಿ ತೋರಿಸೋಕೆ ನೀರಲ್ಲಿ ತೇಲಿಬಿಟ್ಟಿರೋ ಗುರುತು, ಕಾಣ್ಲೇಬೇಕು ಅಂತಿಲ್ಲ, ಎರಡ್ಮೂರು ಸಲ ಸೇರಿಸಿ ಚಿತ್ರ ಪೂರ್ತಿ ಆದ್ರೆ ಸಾಕು.

ಎಷ್ಟು ಸ್ಟ್ರೋಕ್‌ಗೊಂದ್ಸಲ ನೋಡಬೇಕು ಅನ್ನೋದು ನೀವು ಎಷ್ಟು ಸೊಟ್ಟ ಹೋಗ್ತೀರಾ ಅನ್ನೋದರ ಮೇಲೆ. ಪರೀಕ್ಷೆ ಸುಲಭ, ಬೋಯ್ ಕಡೆ ಮುಖ ಮಾಡಿ ಕಣ್ಣು ಮುಚ್ಚಿ 20 ಸ್ಟ್ರೋಕ್ ಹೊಡೆದು ನಿಂತು ನೋಡೋದು. ನಾನು ಎಡಕ್ಕೆ ಎಳೀತೀನಿ, ಪ್ರತಿ ಸಲವೂ ಎಡಕ್ಕೇ. ಲೆಕ್ಕ ಹಾಕಿದ್ರೆ 10 ಡಿಗ್ರಿ ತಪ್ಪಿದ್ರೂ 250 ಮೀಟರ್ ಹೋಗೋಷ್ಟರಲ್ಲಿ 43 ಮೀಟರ್ ಪಕ್ಕಕ್ಕೆ ಬಿದ್ದಿರ್ತೀವಿ. ತೆಪ್ಪದ ಅಣ್ಣ ಹುಟ್ಟು ನಿಲ್ಲಿಸಿ "ಎಲ್ಗೋಯ್ತಾ ಇದೀರಾ ಸಾ, ನಿಮ್ ಬುಂಡೆ ಈ ಕಡೆ ಐತೆ" ಅಂತ ಕೂಗಿದ್ದು ಇದಕ್ಕೇ, ಬೋಯ್‌ಗೆ ಅವರಿಟ್ಟಿರೋ ಹೆಸರು ಬುಂಡೆ. ಈಗ ಆರರಿಂದ ಎಂಟು ಸ್ಟ್ರೋಕ್‌ಗೊಂದು ನೋಟ ಇಟ್ಕೊಂಡಿದೀನಿ.

ಬೋಯ್ ಸಣ್ಣದು, ಅಲೆ ಬಂದ್ರೆ ಮಾಯ. ಅದರ ಹಿಂದೆ ದೊಡ್ಡದೊಂದು ಗುರುತು ಇಟ್ಕೋಬೇಕು, ನಮಗೆ ಹೋಗೋವಾಗ ಚರ್ಚಿನ ಗೋಡೆ. ವಾಪಸ್ ಬರೋವಾಗ ಸೂರ್ಯ ನೇರ ಕಣ್ಣಿಗೆ, ಏನೂ ಕಾಣಲ್ಲ, ಅದಕ್ಕೆ ಇಳಿಯೋ ಮುಂಚೆನೇ ದಡದಲ್ಲಿ ನಿಂತು ಸೂರ್ಯ ಯಾವ ಮರದ ಮೇಲಿದೆ, ಹತ್ತೋ ಜಾಗ ಅದರಿಂದ ಯಾವ ಕಡೆ ಅಂತ ನೋಡಿಟ್ಕೊಳ್ತೀನಿ. ಇನ್ನು ವಾಚು, ಅದನ್ನ ಕೈಗೆ ಕಟ್ಟಿದ್ರೆ ಪ್ರತಿ ಸ್ಟ್ರೋಕ್‌ಗೂ ಮುಳುಗಿ ಜಿಪಿಎಸ್ ಸಿಗ್ನಲ್ ಹೋಗುತ್ತೆ, ಮ್ಯಾಪಲ್ಲಿ ನಮ್ ದಾರಿ ಬೆಟ್ಟ ಹತ್ತಿ ಇಳಿದಂಗೆ ಬರುತ್ತೆ. ಕ್ಯಾಪಿನೊಳಗೆ ತಲೆ ಹಿಂಭಾಗಕ್ಕೆ ಸಿಕ್ಕಿಸಿದ್ರೆ ಗೆರೆ ಸುಮಾರಾಗಿ ನಿಜ ಬರುತ್ತೆ. 750ರ ಕೋರ್ಸಿಗೆ ಮೊದಲು 880 ತೋರಿಸ್ತಿತ್ತು, ಈಗ 790ರ ಆಸುಪಾಸು. ಈಜಿನ ವೇಗ ಒಂಚೂರೂ ಬದಲಾಗಿಲ್ಲ.

ಈಗ ನಡೀತಿರೋದು: ಗುಂಪು

ಸ್ಟಾರ್ಟಲ್ಲಿ ಕಾಲು ಮುಖಕ್ಕೆ, ಕೈ ಬೆನ್ನ ಮೇಲೆ, ಇದೆಲ್ಲಾ ಬೇಕಂತ ಯಾರೂ ಮಾಡಲ್ಲ, ಜಾಗ ಇಲ್ಲ ಅಷ್ಟೇ. ಹಿನ್ನೀರಲ್ಲಿ ಇದನ್ನ ಅಭ್ಯಾಸ ಮಾಡೋದು ಬೇಡ ಅಂತ ಪೂಲಿಗೆ ವಾಪಸ್ ಬಂದ್ವಿ. ಐದು ಜನ ಒಂದೇ ಲೇನಲ್ಲಿ ಒಟ್ಟಿಗೆ ಬಿಡೋದು, ಗೋಡೆ ಮುಟ್ಟದೆ ನಡುವಲ್ಲೇ ತಿರುಗೋದು, ಹಿಂದಿನೋನು ಕಾಲು ಮುಟ್ತಾ ಇರಬೇಕು, ಪಕ್ಕದೋನು ಭುಜ ತಾಗಿಸ್ತಾ ಇರಬೇಕು. ಗುನುಗು ನಿಲ್ಲಬಾರದು, ಅಷ್ಟೇ ಕೆಲಸ. ಒಬ್ಬ ಬೇಕಂತಲೇ ಗಾಗಲ್ಸ್ ಕಿತ್ತು ಹಾಕ್ತಾನೆ, ಅಂಗಾತ ತಿರುಗಿ ನೀರು ಚೆಲ್ಲಿ ಹಾಕ್ಕೊಂಡು ಮುಂದುವರಿಯೋದು. ರೇಸಲ್ಲಿ ಒಂದು ಕ್ಯಾಪು, ಅದರ ಮೇಲೆ ಗಾಗಲ್ಸ್ ಪಟ್ಟಿ, ಅದರ ಮೇಲೆ ಅವರು ಕೊಡೋ ಕ್ಯಾಪು, ಒದ್ರೂ ಜಾರಿ ಹೋಗಲ್ಲ. ಗುಂಪಿನ ನಡುವೆ ಬ್ರೆಸ್ಟ್‌ಸ್ಟ್ರೋಕ್ ಹೊಡೀಬೇಡಿ, ಆ ಕಾಲು ಪಕ್ಕಕ್ಕೆ ಬೀಸಿ ಯಾರದೋ ಮುಖಕ್ಕೆ ಸಿಗುತ್ತೆ.

ರೇಸಿನ ದಿನಕ್ಕೆ ಅಂದ್ಕೊಂಡಿರೋದು ಇದು. ನೀರಿಗೆ ಮೊದಲೇ ಬಿಟ್ರೆ ಇಳಿದು ಮುಖ ಅದ್ದಿ ಗುಳ್ಳೆ ಬಿಟ್ಕೊಂಡು ಬರೋದು, ಬಿಡದಿದ್ರೆ ಬಾಟಲ್ ನೀರನ್ನೇ ಮುಖಕ್ಕೆ, ಕತ್ತಿನ ಹಿಂದಕ್ಕೆ ಸುರ್ಕೊಳೋದು. ನಿಲ್ಲೋದು ಹಿಂದೆ, ಮೊದಲ ಬೋಯ್ ಎಡಕ್ಕೆ ತಿರುಗೋದಾದ್ರೆ ಬಲ ತುದೀಲಿ, ಯಾಕಂದ್ರೆ ಎಲ್ರೂ ಒಳಗಡೆಯಿಂದಲೇ ತಿರುಗೋಕೆ ಹೋಗಿ ಅಲ್ಲೇ ಜಾಮ್ ಆಗೋದು. ಸೀಟಿ ಊದಿದ್ಮೇಲೆ ಹತ್ತು ಎಣಿಸಿ ಹೊರಡೋದು. ಹತ್ತು ಸೆಕೆಂಡ್ ಹೋದ್ರೆ ಹೋಗ್ಲಿ, ಮುಂದಿನೋರ ಕಾಲ ಹಿಂದೆ ಸೇರ್ಕೊಂಡ್ರೆ ನೀರು ಹಗುರ ಇರುತ್ತೆ, ಈಜಲ್ಲಿ ಅದಕ್ಕೆ ತಕರಾರಿಲ್ಲ. ಮಧ್ಯದಲ್ಲಿ ಬಿಗಿದ್ರೆ ಬೋಯ್ ಅಥ್ವಾ ನಿಂತಿರೋ ದೋಣಿ ಹಿಡ್ಕೊಂಡು ಸುಧಾರಿಸ್ಕೋಬಹುದು, ಹಿಡ್ಕೊಂಡು ಮುಂದಕ್ಕೆ ಎಳ್ಕೊಳ್ಳಬಾರದು ಅಷ್ಟೇ, ನಿಯಮವೇ ಬಿಡುತ್ತೆ. ಸಹಾಯ ಬೇಕಂದ್ರೆ ಒಂದು ಕೈ ಮೇಲೆ.

ಶಿವರಾತ್ರಿ ಆದ ವಾರ ಮತ್ತೆ ಹಿನ್ನೀರಿಗೆ, ಈ ಸಲ ಐದೂ ಜನ ಒಟ್ಟಿಗೆ ದಡದಿಂದ ಓಡಿ ಇಳಿಯೋದು, ಎರಡು ತೆಪ್ಪ ಹೇಳಿದೀವಿ. ಹಾಸನ ಚಿಕ್ಕಮಗಳೂರು ಕಡೆಯೋರು ಬರೋದಿದ್ರೆ ಮೊದಲೇ ಹೇಳಿ, ಮೂರನೇ ತೆಪ್ಪ ಹೇಳಬೇಕಾಗುತ್ತೆ.