ಅಕ್ರಿಲಿಕ್ ಹಾಳೆ ಎಳೆದರೆ ವೋಲ್ಟೇಜ್ ಏರುತ್ತದಾ? ನನ್ನ ತಗಡಿನ ಕೆಪಾಸಿಟರ್ ದಿನಚರಿ

ಜೂನ್ 14

ಶುರು ಮಾಡಿಸಿದ್ದು ಅಕ್ಕನ ಮಗಳು. ಸೆಕೆಂಡ್ ಪಿಯುಸಿ. "ಮಾಮ, ಬ್ಯಾಟರಿ ಇದ್ದಾಗ ಸ್ಲ್ಯಾಬ್ ಹಾಕಿದ್ರೆ ಎನರ್ಜಿ ಜಾಸ್ತಿ, ಬ್ಯಾಟರಿ ತೆಗೆದು ಹಾಕಿದ್ರೆ ಕಮ್ಮಿ. ಬಾಯಿಪಾಠ ಆಗಿದೆ. ಆದ್ರೆ ಎಂತಕ್ಕೆ ಅಂತ ಗೊತ್ತಿಲ್ಲ" ಅಂದಳು. ಲೆಕ್ಕ ಬಿಡಿಸಿ ತೋರಿಸಬಹುದಿತ್ತು. ಅದರ ಬದಲು ಉಡುಪಿ ಪೇಟೆಗೆ ಹೋಗಿ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಕತ್ತರಿಸಿ ತಂದೆ. 30 ಸೆಂ.ಮೀ. ಚದರದ ಎರಡು ತುಂಡು, ನಾಲ್ಕು ಮೂಲೆಗೂ ಹೊರಗೆ ಚಾಚಿದ ಕಿವಿ. ಕಿವಿಗಳ ನಡುವೆ 4 ಮಿ.ಮೀ. ಮರದ ಚಕ್ಕೆ ಇಟ್ಟು ಒಂದರ ಮೇಲೊಂದು ಕೂರಿಸಿದೆ. ಸಂದಿನಲ್ಲಿ ತೂರಿಸಲು 3 ಮಿ.ಮೀ. ಅಕ್ರಿಲಿಕ್ ಹಾಳೆ.

ಬರೀ ಗಾಳಿ ಇದ್ದಾಗ C = ε₀A/d ಪ್ರಕಾರ 199 ಪಿಕೋಫ್ಯಾರಡ್ ಬರಬೇಕು. ಮೀಟರ್ 210 ತೋರಿಸಿತು. ಅಂಚಿನಿಂದ ಹೊರಗೆ ಉಬ್ಬುವ ಕ್ಷೇತ್ರದ ಪಾಲು ಅದು, ತೊಂದರೆ ಇಲ್ಲ. ಹಾಳೆ ತೂರಿಸಿದಾಗ 405.

ಇಲ್ಲಿ ಹುಡುಗಿ ಸರಿಯಾಗಿ ಹಿಡಿದಳು. "ಅಕ್ರಿಲಿಕ್‌ಗೆ K ಸುಮಾರು 3 ಅಲ್ವಾ? ಮೂರು ಪಟ್ಟು ಆಗ್ಬೇಕಿತ್ತು. ಎರಡೇ ಪಟ್ಟು ಆಯ್ತಲ್ಲ?"

ಕಾರಣ ಆ ಉಳಿದ 1 ಮಿ.ಮೀ. ಗಾಳಿ. ಹಾಳೆ ಒಂದು ಕೆಪಾಸಿಟರ್, ಗಾಳಿ ಇನ್ನೊಂದು, ಎರಡೂ ಸೀರೀಸ್‌ನಲ್ಲಿವೆ. 1 ಮಿ.ಮೀ. ಗಾಳಿಗೆ 797 ಪಿಕೋಫ್ಯಾರಡ್. 3 ಮಿ.ಮೀ. ಅಕ್ರಿಲಿಕ್‌ಗೆ, K ಮೂರು ಅಂತ ಹಿಡಿದರೆ, ಅದೂ 797. ಎರಡು ಸಮ ಕೆಪಾಸಿಟರ್ ಸೀರೀಸ್‌ನಲ್ಲಿದ್ದರೆ ಅರ್ಧ, ಅಂದರೆ 398. ಸಂದಿನ ಕಾಲು ಭಾಗ ಮಾತ್ರ ಇರುವ ಗಾಳಿ ಅರ್ಧ ವೋಲ್ಟೇಜನ್ನು ತಾನೇ ನುಂಗುತ್ತದೆ! ಹಾಳೆಯನ್ನು ಮೇಲಕ್ಕೆ ಸರಿಸಿದರೂ ಕೆಳಕ್ಕೆ ಸರಿಸಿದರೂ ಗಾಳಿಯ ಮೊತ್ತ ಅದೇ, ಉತ್ತರವೂ ಅದೇ.

ಹಾಳೆಯನ್ನು ಅರ್ಧ ಮಾತ್ರ ತೂರಿಸಿದಾಗ 309. ಇದು ಪ್ಯಾರಲಲ್. ಅರ್ಧ ತಗಡಿಗೆ ಹಾಳೆ, ಅರ್ಧ ತಗಡಿಗೆ ಬರೀ ಗಾಳಿ, ಪಕ್ಕಪಕ್ಕ. 405ರ ಅರ್ಧ, 210ರ ಅರ್ಧ ಕೂಡಿಸಿ ನೋಡಿ.

ಜೂನ್ 15

ಇವತ್ತು ಸೋಲು. ಮೂರು ಪೆನ್ ಸೆಲ್ ಸೇರಿಸಿ 4.6 ವೋಲ್ಟ್ ಕೊಟ್ಟೆ. ಬ್ಯಾಟರಿ ವೈರ್ ತೆಗೆದೆ. ಹಾಳೆ ಎಳೆಯುವ ಮೊದಲೇ ಮೀಟರ್‌ನಲ್ಲಿ ಸೊನ್ನೆ. ಮೂರು ಸಲ ಮಾಡಿದರೂ ಸೊನ್ನೆ. ವೈರ್ ಕಟ್ ಆಗಿದೆ ಅಂತ ಅರ್ಧ ಗಂಟೆ ಹುಡುಕಿದೆ.

ಕಳ್ಳ ಮೀಟರೇ. ಅದರ ಒಳಗಿನ ರೋಧ 10 ಮೆಗಾಓಮ್. 405 ಪಿಕೋಫ್ಯಾರಡ್ ಜೊತೆ ಗುಣಿಸಿದರೆ ಸುಮಾರು 4 ಮಿಲಿಸೆಕೆಂಡ್. ಅಷ್ಟರಲ್ಲಿ ಚಾರ್ಜಿನ ಶೇಕಡಾ 63 ಭಾಗ ಸೋರಿದರೆ ಕಣ್ಣಿಗೆ ಕಾಣುವುದೆಂತು? "ಬ್ಯಾಟರಿ ತೆಗೆದಿದ್ದೇನೆ" ಅಂದುಕೊಂಡಿದ್ದೆ, ಆದರೆ ಚಾರ್ಜಿಗೆ ಇನ್ನೊಂದು ದಾರಿ ತೆರೆದೇ ಇತ್ತು. Q ಬದಲಾಗುವುದಿಲ್ಲ ಅಂತ ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಮಾಡಿ ನೋಡಿದರೆ ಗೊತ್ತಾಗುತ್ತದೆ ಮಾರಾಯ್ರೆ.

ಜೂನ್ 21

ನಡುವೆ CA3140 ಆಪ್‌ಆಂಪ್ ಹಾಕಿದೆ. ಇದರ ಇನ್‌ಪುಟ್ ಎಳೆಯುವ ಕರೆಂಟ್ 10 ಪಿಕೋಆಂಪಿಯರ್ ಆಸುಪಾಸು. ಔಟ್‌ಪುಟ್ಟನ್ನು ಮೈನಸ್ ಇನ್‌ಪುಟ್‌ಗೆ ಜೋಡಿಸಿದರೆ ಒಳಗೆ ಬಂದ ವೋಲ್ಟೇಜೇ ಹೊರಗೆ. ಮೀಟರ್ ಔಟ್‌ಪುಟ್ ಕಡೆ ಕೂರುತ್ತದೆ, ತಗಡನ್ನು ಮುಟ್ಟುವುದಿಲ್ಲ. ಸಪ್ಲೈ ಎರಡು 9 ವೋಲ್ಟ್ ಬ್ಯಾಟರಿ, ಒಟ್ಟು 18.

ಆದರೂ 4.6 ಎರಡೇ ಸೆಕೆಂಡಿನಲ್ಲಿ ಅರ್ಧಕ್ಕೆ ಬಂತು. ಹೊರಗೆ ಜಡಿಮಳೆ. ಮಲ್ಪೆ ಕಡೆಯ ಮನೆ ನಮ್ಮದು, ಈ ತಿಂಗಳಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುತ್ತದೆ, ಇನ್ನು ಮರದ ಚಕ್ಕೆಯ ಗತಿ ಏನು! ಚಕ್ಕೆ ತೆಗೆದು, ತರಕಾರಿ ಹೆಚ್ಚುವ ಹಳೇ ಪ್ಲಾಸ್ಟಿಕ್ ಮಣೆಯಿಂದ ಅದೇ ದಪ್ಪದ ತುಂಡು ಕತ್ತರಿಸಿ ಹಾಕಿದೆ. ಸ್ಪಿರಿಟ್‌ನಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು, ಮತ್ತೆ ಕೈಯಲ್ಲಿ ಮುಟ್ಟಲಿಲ್ಲ. ಈಗ 10 ಸೆಕೆಂಡಿಗೆ 0.2 ವೋಲ್ಟ್ ಮಾತ್ರ ಇಳಿಯುತ್ತದೆ. ಸಾಕು.

ಇನ್ನೊಂದು ಕಾಟ. ಚಾರ್ಜೇ ಕೊಡದೆ, ತಗಡುಗಳನ್ನು ಒಮ್ಮೆ ಶಾರ್ಟ್ ಮಾಡಿ ಬಿಟ್ಟು, ಹಾಳೆ ಎಳೆದು ನೋಡಿದೆ. ಮೀಟರ್ 3 ವೋಲ್ಟ್ ಅಂತು! ಹಾಳೆ ತಗಡಿಗೆ ಉಜ್ಜಿ ಹುಟ್ಟಿದ ಚಾರ್ಜ್ ಅದು. ಈ ಪರೀಕ್ಷೆ ಮಾಡದೆ ಮುಂದೆ ಹೋಗಿದ್ದರೆ ಸುಳ್ಳು ಅಂಕಿ ನೋಡಿ ಖುಷಿಪಡುತ್ತಿದ್ದೆ. ಹಾಗಾಗಿ ತಗಡುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿದೆ. ಹಾಳೆಯನ್ನು ನೈಲಾನ್ ದಾರದಲ್ಲಿ ಮೇಲಿಂದ ಇಳಿಬಿಟ್ಟೆ. ಎಲ್ಲೂ ತಾಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಮೇಲೆ ಖಾಲಿ ಪರೀಕ್ಷೆಯಲ್ಲಿ 0.1 ವೋಲ್ಟ್ ಕೂಡ ಬರಲಿಲ್ಲ.

ಜೂನ್ 22

ಹಾಳೆ ಒಳಗೆ. 4.6 ವೋಲ್ಟ್ ಕೊಟ್ಟು ಬ್ಯಾಟರಿ ತೆಗೆದೆ. ಹುಡುಗಿ ದಾರ ಎಳೆದಳು. 4.6, 5.3, 6.8, 8.4. ಅವಳು ದಾರ ಬಿಟ್ಟೇ ಬಿಡುತ್ತಿದ್ದಳು.

ಲೆಕ್ಕ ಹೀಗೆ. ವೈರು, ಆಪ್‌ಆಂಪ್ ಸೇರಿ ಇನ್ನೂ ಸುಮಾರು 15 ಪಿಕೋಫ್ಯಾರಡ್ ಪ್ಯಾರಲಲ್ ಆಗಿ ಕೂತಿವೆ. ಆದ್ದರಿಂದ 420ರಿಂದ 225ಕ್ಕೆ ಇಳಿದಂತೆ. ಚಾರ್ಜ್ ಅಷ್ಟೇ ಇದ್ದರೆ 8.6 ವೋಲ್ಟ್ ಬರಬೇಕು. ಎಳೆಯುವಷ್ಟು ಹೊತ್ತು ಸೋರಿದ್ದನ್ನು ಕಳೆದರೆ 8.4 ಸರಿಯಾಗಿದೆ. U = Q²/2C ಹಾಕಿದರೆ ಮೊದಲು 4.4 ನ್ಯಾನೋಜೂಲ್, ಆಮೇಲೆ 8.3. ಬ್ಯಾಟರಿ ಇಲ್ಲವೇ ಇಲ್ಲ. ಹೆಚ್ಚಿದ 3.9 ಕೊಟ್ಟಿದ್ದು ದಾರ ಎಳೆದ ಕೈ. ಹಾಳೆ ಒಳಗೇ ಇರಲು ನೋಡುತ್ತದೆ, ಅದನ್ನು ಮೀರಿ ಎಳೆಯಬೇಕು.

"ನನ್ಗೆ ಭಾರ ಗೊತ್ತೇ ಆಗ್ಲಿಲ್ಲ" ಅಂದಳು. ಆಗುವುದಾದರೂ ಹೇಗೆ? 350 ಗ್ರಾಂ ಹಾಳೆಯನ್ನು 30 ಸೆಂ.ಮೀ. ಎತ್ತಲು ಸುಮಾರು 1 ಜೂಲ್ ಬೇಕು. ಅದು ಈ 3.9 ನ್ಯಾನೋಜೂಲಿನ 25 ಕೋಟಿ ಪಟ್ಟು. ಹಾಳೆಯನ್ನು ಒಳಕ್ಕೆ ಸೆಳೆಯುವ ಬಲ ಒಂದು ಹರಳು ಉಪ್ಪಿನ ತೂಕಕ್ಕಿಂತಲೂ ಎಷ್ಟೋ ಕಡಿಮೆ.

ಜೂನ್ 28

ಉಳಿದಿದ್ದು ಬ್ಯಾಟರಿ ಜೋಡಿಸಿಯೇ ಇಡುವ ಕಥೆ. ಇಲ್ಲಿ ವೋಲ್ಟೇಜ್ ಬದಲಾಗುವುದಿಲ್ಲ, ಹಾಗಾಗಿ ಅದನ್ನು ನೋಡಿ ಉಪಯೋಗವಿಲ್ಲ. ಚಾರ್ಜ್ ಓಡಾಡುವುದನ್ನು ನೋಡಬೇಕು. ಇದಕ್ಕೆ ಅವತ್ತು ನನ್ನನ್ನು ಸೋಲಿಸಿದ 10 ಮೆಗಾಓಮ್‌ನ್ನೇ ದುಡಿಸಿಕೊಂಡೆ. ಆಪ್‌ಆಂಪ್ ತೆಗೆದು, ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಬ್ಯಾಟರಿಗೂ ತಗಡಿಗೂ ನಡುವೆ ಸೀರೀಸ್‌ನಲ್ಲಿ ಕೂರಿಸಿದೆ. 1 ನ್ಯಾನೋಆಂಪಿಯರ್ ಹರಿದರೆ 10 ಮಿಲಿವೋಲ್ಟ್ ತೋರಿಸುತ್ತದೆ.

ಹಾಳೆಯನ್ನು ಒಂದು ಸೆಕೆಂಡಿನಲ್ಲಿ ಇಳಿಸಿದಾಗ 8 ಮಿಲಿವೋಲ್ಟ್. ಎಳೆದಾಗ ಮೈನಸ್ 9. ಸುಮ್ನೆ ಹಿಡಿದುಕೊಂಡರೆ ಸೊನ್ನೆ. ಹೋಗಿ ಬರುವ ಚಾರ್ಜ್ 195 ಪಿಕೋಫ್ಯಾರಡ್ ಗುಣಿಸು 4.6 ವೋಲ್ಟ್, ಅಂದರೆ 0.9 ನ್ಯಾನೋಕೂಲಂಬ್. ಒಂದು ಸೆಕೆಂಡಿಗೆ ಹಂಚಿದರೆ 9 ಮಿಲಿವೋಲ್ಟೇ ಬರಬೇಕು.

ಆ ಮೈನಸ್ ಚಿಹ್ನೆ ನೋಡಿ ಹುಡುಗಿ ಪೆನ್ನು ತಗೊಂಡಳು. ಹಾಳೆ ಇಳಿಸುವಾಗ ಬ್ಯಾಟರಿ ಕೊಡುವುದು 4.1 ನ್ಯಾನೋಜೂಲ್. ಕೆಪಾಸಿಟರ್‌ನಲ್ಲಿ ಹೆಚ್ಚಾಗುವುದು 2.4ರಿಂದ 4.4ಕ್ಕೆ, ಸುಮಾರು ಅರ್ಧ. ಉಳಿದರ್ಧ ಹಾಳೆಯನ್ನು ಒಳಕ್ಕೆ ಸೆಳೆಯಲು ಹೋಯಿತು, ಅದನ್ನು ತಡೆದು ಹಿಡಿದ ದಾರಕ್ಕೆ ಸಿಕ್ಕಿತು. ಎಳೆಯುವಾಗ ಎಲ್ಲ ಉಲ್ಟಾ. ಕೈ ಶಕ್ತಿ ಕೊಡುತ್ತದೆ, ಕೆಪಾಸಿಟರ್‌ನಲ್ಲಿ ಇದ್ದದ್ದೂ ಇಳಿಯುತ್ತದೆ, ಎರಡೂ ಸೇರಿ ಬ್ಯಾಟರಿ ಕಡೆಗೆ ವಾಪಸ್.

"ಹಾಗಾದ್ರೆ ಎರಡು ಸಲವೂ ಎಳೆದದ್ದು ನಾನೇ. ಒಂದ್ಸಲ ಎನರ್ಜಿ ಏರಿತು, ಒಂದ್ಸಲ ಇಳಿಯಿತು" ಅಂದಳು. ಹೌದು. ಬ್ಯಾಟರಿಯ ವೈರ್ ಒಂದೇ ವ್ಯತ್ಯಾಸ.

ಮುಂದಿನ ವಾರ ಅಕ್ರಿಲಿಕ್ ಬದಲು ಕಿಟಕಿ ಗಾಜು. ಅದರ ಮೈಗೆ ತೇವ ಬೇಗ ಹಿಡಿಯುತ್ತದೆ, ಮಳೆ ಬಿಡುವ ತನಕ ಚಾರ್ಜ್ ನಿಲ್ಲುವುದು ಅನುಮಾನ.